ಸಾಹೇಬರು ಇನ್ನೂ ಬಿಸಿಯಾಗಿಲ್ಲ

ಬೆಂಗಳೂರಿನಲ್ಲಿ ಕಾರಿನ ಎಮಿಷನ್ ಟೆಸ್ಟ್ ಎಂಬುದು ಬಹಳ ಶಾಂತವಾಗಿ ನಡೆಯುವ ಶಾಸ್ತ್ರ. ಕಾರು ನಾಲ್ಕು ಸಿಗ್ನಲ್ ದಾಟಿ, ಒಂದು ಫ್ಲೈಓವರ್ ಹತ್ತಿಳಿದು, ಪೆಟ್ರೋಲ್ ಬಂಕಿನ ಮೂಲೆಯಲ್ಲಿರುವ ವ್ಯಾನಿನ ಮುಂದೆ ಬಂದು ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಇಂಜಿನ್ ಬಿಸಿ, ಸೈಲೆನ್ಸರ್ ಬಿಸಿ, ಮಾಲೀಕರ ತಲೆಯೂ ಬಿಸಿ. ಹುಡುಗ ಸೈಲೆನ್ಸರ್ ಬಾಯಿಗೆ ಕೊಳವೆ ತೂರಿಸಿ, ನಂಬರ್ ಪ್ಲೇಟಿನ ಫೋಟೊ ಹೊಡೆದು, ಚೀಟಿ ಕೈಗಿಡುತ್ತಾನೆ. ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3ರ ಒಳಗೆ, ಹೈಡ್ರೋಕಾರ್ಬನ್, ಅಂದರೆ ಉರಿಯದೆ ಉಳಿದ ಪೆಟ್ರೋಲ್, 200 ಪಿಪಿಎಂ ಒಳಗೆ. ಪಾಸ್. ಕಾರು ಪರಿಶುದ್ಧ ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯಿತು.

ಚೀಟಿಯಲ್ಲಿರುವುದು ಸುಳ್ಳಲ್ಲ. ಆ ಗಳಿಗೆಯಲ್ಲಿ ಕಾರು ನಿಜವಾಗಿಯೂ ಪರಿಶುದ್ಧ. ಅದು ಹೊಲಸು ಮಾಡಿ ಮುಗಿಸಿದ್ದು ಬೆಳಿಗ್ಗೆ, ಮನೆಯ ಗೇಟಿನಿಂದ ಮೊದಲ ತಿರುವಿನವರೆಗೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ನಾವು ಬಾಗಿಲು ಗಟ್ಟಿಯಾಗಿದೆಯೇ ಅಂತ ತಟ್ಟಿ ನೋಡಿ ಸರ್ಟಿಫಿಕೇಟನ್ನೂ ಕೊಡುತ್ತೇವೆ.

ಕಾರಣ ಇಂಜಿನ್ ಪಕ್ಕದಲ್ಲೇ ಕೂತಿರುವ ಒಬ್ಬ ಅಧಿಕಾರಿ. ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಗ್ಯಾರೇಜಿನವರ ಬಾಯಲ್ಲಿ ಕ್ಯಾಟ್‌ಕಾನ್. ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ, ಅದರ ಸಣ್ಣ ಸಣ್ಣ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂಗಳ ತೆಳು ಲೇಪ. ಹೊಗೆ ಈ ಕಿಂಡಿಗಳಲ್ಲಿ ಹಾಯುವಾಗ ಉರಿಯದೆ ಉಳಿದ ಪೆಟ್ರೋಲ್ ಮತ್ತು ಕಾರ್ಬನ್ ಮಾನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಹಾಗೂ ನೀರಾಗುತ್ತವೆ, ನೈಟ್ರೋಜನ್ ಆಕ್ಸೈಡುಗಳು ನೈಟ್ರೋಜನ್ ಆಗುತ್ತವೆ. ಕೆಲಸದಲ್ಲಿ ಸಾಹೇಬರಿಗೆ ಸಾಟಿಯಿಲ್ಲ: ಬಿಸಿಯಾದ ಮೇಲೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಫೈಲು ವಿಲೇವಾರಿ.

ಬಿಸಿಯಾದ ಮೇಲೆ. ತಣ್ಣಗಿದ್ದಾಗ ಅವರು ಪೆನ್ನೂ ಮುಟ್ಟುವುದಿಲ್ಲ. ಒಳಬಂದ ಹೊಗೆಯಲ್ಲಿ ಅರ್ಧದಷ್ಟನ್ನಾದರೂ ಪರಿವರ್ತಿಸಲು ಬೇಕಾದ ತಾಪಮಾನಕ್ಕೆ ‘ಲೈಟ್-ಆಫ್’ ಅಂತ ಹೆಸರು. ಆಫ್ ಅಂದರೆ ಇಲ್ಲಿ ಆರುವುದಲ್ಲ, ಹೊತ್ತಿಕೊಳ್ಳುವುದು. ಅದು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್. ಒಮ್ಮೆ ಹೊತ್ತಿತೆಂದರೆ ಕ್ರಿಯೆಯ ಶಾಖವೇ ಇಟ್ಟಿಗೆಯನ್ನು ಇನ್ನಷ್ಟು ಕಾಯಿಸುತ್ತದೆ. ಈಗಿನ ಬಿಎಸ್-6 ಕಾರುಗಳಲ್ಲಿ ಕ್ಯಾಟ್‌ಕಾನ್ ಇಂಜಿನ್ನಿಗೆ ಅಂಟಿಕೊಂಡೇ ಇರುವುದರಿಂದ ಅರ್ಧ ನಿಮಿಷದ ಆಸುಪಾಸಿನಲ್ಲಿ ಈ ಹಂತ ಬರುತ್ತದೆ. ಕಾರಿನ ಹೊಟ್ಟೆಯಡಿ ದೂರದಲ್ಲಿಟ್ಟಿದ್ದ ಹಳೆಯ ಕಾರುಗಳಲ್ಲಿ ಒಂದೆರಡು ನಿಮಿಷ.

‘ನಮ್ಮ ಬೆಂಗಳೂರಲ್ಲಿ ಅದೆಂಥ ಚಳಿ ಸ್ವಾಮಿ, ಕೋಲ್ಡ್ ಸ್ಟಾರ್ಟ್ ಎಲ್ಲ ಯುರೋಪಿನವರಿಗೆ’ ಎಂಬ ಸಮಾಧಾನ ಬೇಡ. 300 ಡಿಗ್ರಿ ಬೇಕೆಂದು ಕೂತವರಿಗೆ ಡಿಸೆಂಬರಿನ 16 ಡಿಗ್ರಿಯೂ ಒಂದೇ, ಏಪ್ರಿಲ್ಲಿನ 30 ಡಿಗ್ರಿಯೂ ಒಂದೇ. ಸ್ವೆಟರು, ಮಂಕಿ ಕ್ಯಾಪು ನಮಗೆ ಬೇಡವಾಗಬಹುದು, ಅವರಿಗೆ ವರ್ಷವಿಡೀ ಬೇಕು.

ಸಾಹೇಬರು ಬರುವುದು ತಡವಾದಷ್ಟೂ ಹೊರಗೆ ಕ್ಯೂ ಉದ್ದ. ತಣ್ಣನೆಯ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಒಂದು ಪಾಲು ಸಿಲಿಂಡರ್ ಗೋಡೆಗೆ, ಇನ್ಟೇಕ್ ದಾರಿಗೆ ಹಸಿಯಾಗಿ ಅಂಟುತ್ತದೆ. ಆವಿಯಾದಷ್ಟರಲ್ಲೇ ಹೊತ್ತಿಸಬೇಕಾದ್ದರಿಂದ ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಬೇಕಾದ್ದಕ್ಕಿಂತ ಹೆಚ್ಚೇ ಚಿಮುಕಿಸುತ್ತದೆ. ಹೀಗೆ ಹೊಗೆ ಅತಿ ಹೊಲಸಾಗಿರುವ ಹೊತ್ತಿಗೇ ಅದನ್ನು ತೊಳೆಯುವವರು ಸೀಟಿನಲ್ಲಿಲ್ಲ.

ಎಷ್ಟು ಹೊಲಸು? ಒಂದು ಲೆಕ್ಕ ಹಾಕೋಣ. ಹೊಸ ಮಾಡೆಲ್ಲಿಗೆ ಒಪ್ಪಿಗೆ ಕೊಡುವ ಮುನ್ನ ಕಾರನ್ನು ಕನಿಷ್ಠ 6 ಗಂಟೆ ತಣ್ಣಗೆ ನಿಲ್ಲಿಸಿ, ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ಹೊಗೆ ಹಿಡಿದು, ರೋಲರಿನ ಮೇಲೆ ಹತ್ತೂವರೆ ಕಿಲೋಮೀಟರಿನಷ್ಟು ಓಡಿಸುತ್ತಾರೆ. ಹೈಡ್ರೋಕಾರ್ಬನ್ ಮಿತಿ ಕಿಲೋಮೀಟರಿಗೆ 0.1 ಗ್ರಾಂ, ಅಂದರೆ ಇಡೀ ಓಟಕ್ಕೆ ಸುಮಾರು 1 ಗ್ರಾಂ. ಅದರ ಬಹುಪಾಲು ಹೊರಬೀಳುವುದು ಮೊದಲ ಒಂದೆರಡು ನಿಮಿಷದಲ್ಲೇ, 0.8 ಗ್ರಾಂ ಎಂದಿಟ್ಟುಕೊಳ್ಳಿ. ಈಗ ಜಯನಗರದ ಯಜಮಾನರೊಬ್ಬರು ಕೊತ್ತಂಬರಿ ಸೊಪ್ಪು ತರಲು ಕಾರು ತೆಗೆಯುತ್ತಾರೆ. ಹೋಗುತ್ತ 400 ಮೀಟರ್, ಬರುತ್ತ 400. ಆ 0.8 ಗ್ರಾಂ ಪೂರ್ತಿ ಈ 800 ಮೀಟರಿನ ಮೇಲೆ ಬೀಳುತ್ತದೆ: ಕಿಲೋಮೀಟರಿಗೆ 1 ಗ್ರಾಂ, ಮಿತಿಯ ಹತ್ತು ಪಟ್ಟು. ಇದೇ ಕಾರು ಮೈಸೂರಿಗೆ ಹೋಗಿದ್ದರೆ ಆ 0.8 ಗ್ರಾಂ ನೂರನಲವತ್ತು ಚಿಲ್ಲರೆ ಕಿಲೋಮೀಟರಿಗೆ ಹಂಚಿಹೋಗಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. ಮಿತಿ ಮೀರಿಸಿದ್ದು ಕಾರಲ್ಲ, ಕೊತ್ತಂಬರಿ.

ಸೊಪ್ಪಿನ ಅಂಗಡಿಯಲ್ಲಿ ಪರಿಚಯದವರು ಸಿಕ್ಕು ಮಾತು ಒಂದೆರಡು ಗಂಟೆ ಎಳೆದರೆ ಹೆಚ್ಚೂಕಡಿಮೆ ಮತ್ತೆ ಮೊದಲಿನಿಂದ. ಇಂಜಿನ್ ದಪ್ಪ ಲೋಹದ ಮುದ್ದೆ, ನಿಧಾನಕ್ಕೆ ಆರುತ್ತದೆ. ಮೀಟರಿನ ಮುಳ್ಳು ಇನ್ನೂ ಬೆಚ್ಚಗೇ ಇರುತ್ತದೆ. ಕಿಂಡಿ ತುಂಬಿದ ಇಟ್ಟಿಗೆ ಅದಕ್ಕಿಂತ ಬೇಗ ತನ್ನ 300ರಿಂದ ಕೆಳಗಿಳಿದಿರುತ್ತದೆ. ಮುಳ್ಳು ನೋಡಿ ಸಾಹೇಬರು ಇದ್ದಾರೆ ಅಂದುಕೊಂಡರೆ, ಕುರ್ಚಿಯ ಮೇಲೆ ಕೋಟು ಮಾತ್ರ ಇರುತ್ತದೆ.

ಇನ್ನು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಪ್ರಾತಃಕಾಲದ ಪೂಜೆ. ಇಂಜಿನ್ ಆನ್ ಮಾಡಿ, ‘ಬಿಸಿಯಾಗಲಿ’ ಅಂತ ಹತ್ತು ನಿಮಿಷ ಬಿಟ್ಟು, ಕಾಫಿ ಮುಗಿಸಿ ಬರುವವರು. ನಿಂತ ಕಾರಿನಲ್ಲಿ ಹೊಗೆ ಹರಿಯುವುದೇ ಕಡಿಮೆ, ಶಾಖವೂ ಕಡಿಮೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷದೊಳಗೆ ಹೊರಟು, ಮೊದಲ ಒಂದೆರಡು ಕಿಲೋಮೀಟರ್ ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಇಟ್ಟಿಗೆಯೂ ಇಂಜಿನ್ನೂ ಬೇಗ ಬಿಸಿಯಾಗುತ್ತವೆ. ಇವರೇ ಮತ್ತೆ ಗ್ಯಾರೇಜಿಗೆ ಹೋಗಿ ‘ಬೆಳಿಗ್ಗೆ ಆರ್‌ಪಿಎಂ 1,200ಕ್ಕೂ ಮೇಲೆ ಓಡುತ್ತೆ, ಇಳಿಸಿಕೊಡಿ’ ಅನ್ನುವುದು. ಅದು ರೋಗವಲ್ಲ. ಇಸಿಯು ಬೇಕೆಂದೇ ಐಡಲ್ ಏರಿಸಿ, ಸ್ಪಾರ್ಕನ್ನು ತಡಮಾಡಿ, ಉರಿಯುತ್ತಿರುವ ಬಿಸಿ ಹೊಗೆಯನ್ನೇ ಕ್ಯಾಟ್‌ಕಾನಿಗೆ ದೂಡುತ್ತಿರುತ್ತದೆ. ಆ ಕ್ಷಣಕ್ಕೆ ಮೈಲೇಜು ಹಾಳು, ಸದ್ದು ಒರಟು. ಇಡೀ ಕಾರಿನಲ್ಲಿ ಸಾಹೇಬರನ್ನು ಎಬ್ಬಿಸಲು ಓಡಾಡುತ್ತಿರುವ ಒಬ್ಬನೇ ಜವಾನನ ಮೇಲೆ ನಮ್ಮ ದೂರು.

ಅನುಮಾನವಿದ್ದವರು, ಗ್ಯಾರೇಜಿನವರು ಕಾರಿನ ದೋಷ ಓದಲು ಬಳಸುವ ಒಬಿಡಿ ಪೋರ್ಟಿಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಮೊಬೈಲಿನಲ್ಲಿ ಇಂಧನ ವ್ಯವಸ್ಥೆಯ ಸ್ಥಿತಿ ನೋಡಬಹುದು. ಮೊದಲು OL ಇರುತ್ತದೆ: ಆಕ್ಸಿಜನ್ ಸೆನ್ಸರಿನ ಮಾತಿಲ್ಲದೆ, ಇಸಿಯು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತಿದೆ. ಸೆನ್ಸರ್ ಕಾದ ಮೇಲೆ CL ಆಗುತ್ತದೆ. CL ಬಂತೆಂದರೆ ಕ್ಯಾಟ್‌ಕಾನ್ ಹೊತ್ತಿತು ಅಂತಲ್ಲ, ಅಳತೆ ಶುರುವಾಯಿತು ಅಂತ ಅಷ್ಟೇ. ಕೆಲವು ಕಾರುಗಳು ಕ್ಯಾಟ್‌ಕಾನಿನ ತಾಪಮಾನವನ್ನೂ ತೋರಿಸುತ್ತವೆ. ಬಹುತೇಕ ಅದು ಇಸಿಯು ಕೂತಲ್ಲೇ ಗುಣಿಸಿ ಹೇಳುವ ಲೆಕ್ಕ.

ನಿಜವಾದ ತಮಾಷೆ ಕಾರಿಗೆ ವಯಸ್ಸಾದ ಮೇಲೆ. ವರ್ಷಗಳ ಶಾಖಕ್ಕೆ ಲೇಪದ ಲೋಹದ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ, ಸುಟ್ಟ ಆಯಿಲಿನ ರಂಜಕ ಮೇಲೆ ಕೂರುತ್ತದೆ. ಮೊದಲು ಹಾಳಾಗುವುದು ಲೈಟ್-ಆಫ್. 280ಕ್ಕೆ ಏಳುತ್ತಿದ್ದ ಸಾಹೇಬರು 350ಕ್ಕೂ ಆಕಳಿಸುತ್ತಾರೆ. ಪೂರ್ತಿ ಕಾದ ಮೇಲೆ ಮಾತ್ರ ಕೆಲಸ ಹೇಗೋ ಸಾಗಿಸುತ್ತಾರೆ. ಹೀಗಾಗಿ P0420 ಎಂಬ ಕೋಡ್ ಬಂದು ಚೆಕ್ ಇಂಜಿನ್ ದೀಪ ಹೊತ್ತುವುದಕ್ಕೆ ಬಹಳ ಮೊದಲೇ ಬೆಳಗಿನ ಹೊಗೆ ಕೆಟ್ಟಿರುತ್ತದೆ. ಬಂಕಿನ ಟೆಸ್ಟ್ ಪೂರ್ತಿ ಸತ್ತ ಕ್ಯಾಟ್‌ಕಾನನ್ನು ಹಿಡಿದೀತು, ತಡವಾಗಿ ಏಳುವವರನ್ನಲ್ಲ. ಕಾರ್ಖಾನೆಯ ಮಾದರಿ ಒಮ್ಮೆ ತಣ್ಣಗೆ ಪರೀಕ್ಷೆ ಬರೆದಿದೆ. ಆಮೇಲೆ ನಮ್ಮ ನಿಮ್ಮ ಕಾರು ಬರೆಯುವುದೆಲ್ಲ ಬಿಸಿ ಪರೀಕ್ಷೆ.

ಅಪರೂಪಕ್ಕೊಮ್ಮೆ ಯಾರೋ ಬಂಕಿನ ಹಿಂದಿನ ಬೀದಿಯವರು ಬೆಳಿಗ್ಗೆ ಎದ್ದವರೇ ಕಾರು ತಂದು ನಿಲ್ಲಿಸುತ್ತಾರೆ. ಪರದೆಯ ಮೇಲೆ ಅಂಕಿ ಮಿತಿ ದಾಟಿ ಕುಣಿಯುತ್ತದೆ. ಆ ವಾರವಿಡೀ ಆ ವ್ಯಾನಿನಲ್ಲಿ ದಾಖಲಾಗಬಹುದಾದ ಅತ್ಯಂತ ಪ್ರಾಮಾಣಿಕ ಅಂಕಿ ಅದು. ಹುಡುಗ ಕೊಳವೆ ಹೊರಗೆಳೆದು, ಮುಖ ನೋಡದೆಯೇ ಹೇಳುತ್ತಾನೆ: ‘ಗಾಡಿ ತಣ್ಣಗಿದೆ ಸಾರ್, ಒಂದು ರೌಂಡ್ ಹೊಡ್ಕೊಂಡ್ ಬನ್ನಿ, ಪಾಸ್ ಆಗುತ್ತೆ.’