ಮುಂಗಡವಾಗಿ ಪಡೆದ ಎತ್ತರ

ನಿನ್ನೆ ದಾವಣಗೆರೆಯಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಎಂಟು ವರ್ಷದ ಮೊಮ್ಮಗಳನ್ನು ಎಬ್ಬಿಸಿ, ಹತ್ತು ವರ್ಷದ ಅವಳ ಅಣ್ಣನ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದ ಹಿರಿಯರು, ಅವಳೇ ಎರಡು ಬೆರಳು ಎತ್ತರವೆಂದು ಸಾಬೀತುಪಡಿಸಿ, ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ ಮೇಲೆ ತುಪ್ಪ ಸುರಿಸಿದರು. “ಮೇಷ್ಟ್ರೇ, ನಿಮ್ಮ ವಾಲಿಬಾಲ್ ಟೀಮಿಗೆ ಈಗಲೇ ಬರ್ಕೊಳ್ಳಿ. ಮೈ ಸ್ವಲ್ಪ ಜಾಸ್ತಿ ಅಷ್ಟೆ, ದೊಡ್ಡವಳಾದ ಮೇಲೆ ಎತ್ತರಕ್ಕೆ ಎಳ್ಕೊಂಡು ಬಿಡುತ್ತೆ” ಎಂದರು. ಆ ಮಗು ತಲೆ ತಗ್ಗಿಸಿ ಕುಳಿತಿತ್ತು. ಮಕ್ಕಳ ಮೈಯನ್ನು ಸಭೆಯಲ್ಲಿ ಚರ್ಚಿಸುವ ಹಕ್ಕನ್ನು ನಮ್ಮ ಹಿರಿಯರಿಗೆ ಯಾರು ಬರೆದುಕೊಟ್ಟರೋ ತಿಳಿಯದು.

ನಾನು ಶಾಲೆಯ ಆಟದ ಮೇಷ್ಟ್ರು, ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸುವುದೇ ನನ್ನ ವೃತ್ತಿ. ಮೂರನೇ ತರಗತಿಯಲ್ಲಿ ಸಾಲಿನ ತುದಿಗೆ ನಿಲ್ಲುವ ದಪ್ಪ ಹುಡುಗಿಯರಲ್ಲಿ ಅನೇಕರು ಒಂಬತ್ತನೇ ತರಗತಿಯ ಹೊತ್ತಿಗೆ ಸಾಲಿನ ನಡುವಿಗೆ ಬಂದಿರುತ್ತಾರೆ. ಅವರು ಕುಗ್ಗಿದ್ದಲ್ಲ. ಎತ್ತರವನ್ನು ಮುಂಗಡವಾಗಿ ಪಡೆದುಬಿಟ್ಟಿದ್ದರು, ಸಂಬಳದ ಮೊತ್ತ ಹೆಚ್ಚಾಗಿರಲಿಲ್ಲ.

ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪಟ್ಟಿಯೊಂದಿರುತ್ತದೆ. ಎತ್ತರ ಹುಟ್ಟುವುದು ಅಲ್ಲಿ, ಮತ್ತು ಆ ಪಟ್ಟಿ ಗಟ್ಟಿ ಮೂಳೆಯಾದ ದಿನ ಬೆಳವಣಿಗೆ ಮುಗಿಯುತ್ತದೆ. ದಪ್ಪ ಮಕ್ಕಳ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಆದರೂ ಅವರು ಬೇಗ ಬೆಳೆಯುವುದಕ್ಕೆ ಕಾರಣ, ಅತಿಯಾಗಿ ತಿಂದಾಗ ಏರುವ ಇನ್ಸುಲಿನ್ ಮತ್ತು ಕೊಬ್ಬಿನಿಂದಲೇ ಬರುವ ಲೆಪ್ಟಿನ್, ಎರಡೂ ಆ ಪಟ್ಟಿಯನ್ನು ಕೆಲಸಕ್ಕೆ ಹಚ್ಚುತ್ತವೆ. ಅದರ ಜೊತೆಗೆ ಕೊಬ್ಬಿನ ಅಂಗಾಂಶವು ಮೂತ್ರಪಿಂಡದ ಮೇಲಿರುವ ಗ್ರಂಥಿಯಿಂದ ಬರುವ ಹಾರ್ಮೋನುಗಳನ್ನು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಗಂಡಾಗಲಿ ಹೆಣ್ಣಾಗಲಿ, ಮೂಳೆಯ ಪಟ್ಟಿಯನ್ನು ಕೊನೆಗೆ ಮುಚ್ಚುವುದು ಈಸ್ಟ್ರೋಜನ್ನೇ. ಅಂದರೆ ಇಂದು ಬೆಳೆಸುತ್ತಿರುವ ಕೊಬ್ಬೇ ಬಾಗಿಲನ್ನೂ ಬೇಗ ಮುಚ್ಚುತ್ತಿರುತ್ತದೆ. ಇದನ್ನು ಹೋಳಿಗೆ ಬಡಿಸುವವರಿಗೆ ಹೇಳಿ ನೋಡಿ!

ವಯೋಮಿತಿಯ ಕ್ರೀಡಾಕೂಟಗಳಿಗೆ ಮಕ್ಕಳನ್ನು ಕರೆದೊಯ್ಯುವ ನಮಗೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ಹೊಸದಲ್ಲ. ಮೂಳೆಯ ವಯಸ್ಸು ಅದರಲ್ಲಿ ತಿಳಿಯುತ್ತದೆ. ಎಂಟು ವರ್ಷದ ಹುಡುಗಿಯೊಬ್ಬಳು 132 ಸೆಂಟಿಮೀಟರ್ ಇದ್ದಾಳೆ ಎಂದುಕೊಳ್ಳಿ. ಆ ವಯಸ್ಸಿಗೆ ಹೆಣ್ಣುಮಕ್ಕಳು ತಮ್ಮ ಅಂತಿಮ ಎತ್ತರದ ಸುಮಾರು 79 ಶೇಕಡಾ ಮುಟ್ಟಿರುತ್ತಾರೆ. ಆ ಲೆಕ್ಕದಲ್ಲಿ ಅವಳು 167 ಆಗಬೇಕು, ಅಜ್ಜನ ವಾಲಿಬಾಲ್ ಕನಸು ಹುಟ್ಟುವುದೂ ಇಲ್ಲೇ. ಆದರೆ ಎಕ್ಸ್‌ರೇಯಲ್ಲಿ ಮೂಳೆಯ ವಯಸ್ಸು ಹತ್ತು ಎಂದು ಬಂದರೆ, ಅವಳು ಆಗಲೇ ಸುಮಾರು 86 ಶೇಕಡಾ ಮುಗಿಸಿದ್ದಾಳೆ, ಹಾಗಾಗಿ ಅಂದಾಜು 153ಕ್ಕೆ ಇಳಿಯುತ್ತದೆ. ಈಗ ತಂದೆ 165, ತಾಯಿ 152 ಇದ್ದರೆ, ಎರಡನ್ನೂ ಕೂಡಿಸಿ, ಹೆಣ್ಣುಮಗುವಾದ್ದರಿಂದ 13 ಕಳೆದು, ಎರಡರಿಂದ ಭಾಗಿಸಿ: 152. ತಂದೆ ತಾಯಿ ಕೊಟ್ಟದ್ದೇ ಅಷ್ಟು. ಇಂಥ ಅಂದಾಜು ಕೆಲವು ಸೆಂಟಿಮೀಟರ್ ಆಚೀಚೆ ತಪ್ಪಬಹುದು, ಹದಿನೈದು ತಪ್ಪುವುದು ಅಪರೂಪ.

ಉಳಿದ ಕೆಲಸವನ್ನು ಪ್ರೌಢಾವಸ್ಥೆ ಮಾಡುತ್ತದೆ. ದಪ್ಪ ಹುಡುಗಿಯರು ಸರಾಸರಿಯಲ್ಲಿ ಬೇಗ ಮೈನೆರೆಯುತ್ತಾರೆ, ಮತ್ತು ಆ ಸಮಯದ ಜಿಗಿತ ಅವರಲ್ಲಿ ಚಿಕ್ಕದು. ಋತುಮತಿಯಾದ ಮೇಲೆ ಬರುವುದು ಸಾಮಾನ್ಯವಾಗಿ ಐದಾರು ಸೆಂಟಿಮೀಟರ್ ಮಾತ್ರ. “ದೊಡ್ಡವಳಾದ ಮೇಲೆ ಎಳ್ಕೊಳ್ಳುತ್ತೆ” ಎಂದು ಇಡೀ ಮನೆ ಕಾದು ಕುಳಿತ ಗಳಿಗೆ ಬಂದಾಗ ಎಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ಗಂಡುಮಕ್ಕಳಲ್ಲಿ ಪ್ರೌಢಾವಸ್ಥೆಯ ಲೆಕ್ಕ ಇಷ್ಟು ಸರಳವಲ್ಲವಾದರೂ, ಮೂಳೆಯ ವಯಸ್ಸು ಮುಂದೋಡುವುದು ಅವರಲ್ಲೂ ಇದೆ.

“ಹಾಗಾದರೆ ಊಟ ಬಿಗಿ ಮಾಡಿದರೆ ಮಗು ಕುಳ್ಳಾಗುವುದಿಲ್ಲವೇ?” ಎಂದು ಒಬ್ಬರು ಎಲೆಯ ಮೇಲಿಂದಲೇ ಕೇಳಿದರು. ಮಗುವನ್ನು ಉಪವಾಸ ಕೆಡವಿ ಎಂದು ಯಾರೂ ಹೇಳಿಲ್ಲ. ವಿಪರೀತ ಪಥ್ಯ ಬೆಳವಣಿಗೆಗೆ ಕೆಟ್ಟದ್ದೇ, ಆದರೆ ನಾಲ್ಕನೆಯ ಹೋಳಿಗೆಯನ್ನು ತಪ್ಪಿಸುವುದು ಪಥ್ಯವಲ್ಲ. ಬೆಳೆಯುವ ಮಗುವಿನ ತೂಕ ಇಳಿಯಲೇಬೇಕೆಂದಿಲ್ಲ, ಅದು ಏರದೆ ನಿಂತು ಎತ್ತರ ಏರಿದರೂ ಸಾಕಾಗುವುದುಂಟು. ಅದರಿಂದ ಅಂತಿಮ ಎತ್ತರಕ್ಕೆ ನಷ್ಟವಿಲ್ಲ, ಏಕೆಂದರೆ ಕೊಬ್ಬು ಕೊಟ್ಟ ಆ ಹೆಚ್ಚುವರಿ ಎತ್ತರ ಕೊನೆತನಕ ಉಳಿಯುವಂಥದ್ದಾಗಿರಲೇ ಇಲ್ಲ.

ಆದರೆ ಎತ್ತರವನ್ನು ಅಳೆಯುವುದು ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಹೆಚ್ಚು ತಿಂದು ದಪ್ಪಗಾದ ಮಗು ಸಾಮಾನ್ಯವಾಗಿ ಎತ್ತರವಾಗಿಯೂ ಇರುತ್ತದೆ. ದಪ್ಪವಾಗುತ್ತಲೇ ಎತ್ತರ ಏರುವುದು ನಿಧಾನವಾದ ಮಗುವಿನದು ಬೇರೆ ಕಥೆ: ಅಲ್ಲಿ ಥೈರಾಯ್ಡ್ ಕುಗ್ಗಿರಬಹುದು, ಅಪರೂಪಕ್ಕೆ ಕಾರ್ಟಿಸಾಲ್ ಮಿತಿಮೀರಿರಬಹುದು, ಉಬ್ಬಸಕ್ಕೋ ಚರ್ಮಕ್ಕೋ ದೀರ್ಘಕಾಲ ಕೊಟ್ಟ ಸ್ಟೀರಾಯ್ಡ್ ಕೂಡ ಕಾರಣವಿರಬಹುದು. ಆರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಗುರುತು ಹಾಕುವ ಮನೆಯವರಿಗೆ ಇದು ತಾನಾಗಿ ಕಾಣುತ್ತದೆ. ಪಕ್ಕದ ಮಗುವಿನ ಬೆನ್ನಿಗೆ ಬೆನ್ನು ಹಚ್ಚಿ ಅಳೆಯುವವರಿಗೆ ಕಾಣುವುದಿಲ್ಲ.