ನಾಣ್ಯಕ್ಕಿಂತ ಮೊದಲು ತಕ್ಕಡಿ ತಗೊಳ್ರಪ್ಪ

ಮೊನ್ನೆ ಭಾನುವಾರ ದಾವಣಗೆರೆಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಬೆಣ್ಣೆ ದೋಸೆ ತಿನ್ನಿಸ್ತೀನಿ ಅಂತ ಕರೆದವನು ದೋಸೆಗೆ ಮೊದಲು ಒಂದು ಕೆಂಪು ವೆಲ್ವೆಟ್ ಡಬ್ಬಿ ಮುಂದಿಟ್ಟ. ಒಳಗೆ ಎರಡು ಸಾವಿರ ವರ್ಷ ಹಿಂದಿನವು ಅನ್ನೋ ಆರು ಬೆಳ್ಳಿ ಪಂಚ್‌ಮಾರ್ಕ್ ನಾಣ್ಯ, ಅಂದರೆ ತಗಡಿನ ಮೇಲೆ ಸೂರ್ಯ ಮುಂತಾದ ಗುರುತು ಹೊಡೆದವು. ಜೊತೆಗೆ ವಿಜಯನಗರ ಕಾಲದ ಚಿನ್ನದ ನಾಣ್ಯ, ಒಂದು ಬಾಲಕೃಷ್ಣನ ವರಹ. ಚಿತ್ರದುರ್ಗದ ಕಡೆ ಯಾರದ್ದೋ ಹೊಲದಲ್ಲಿ ಜೆಸಿಬಿ ಬಾಯಿಗೆ ಸಿಕ್ಕಿದ್ದಂತೆ. ಈ ಜೆಸಿಬಿ ಕಥೆ ಕೇಳಿ ಕೇಳಿ ಸಾಕಾಗಿದೆ. ನಿಜವಾಗಿ ಸಿಕ್ಕಿದ್ದರೆ ಸರ್ಕಾರಕ್ಕೆ ತಿಳಿಸಬೇಕು, ಅದು ಬೇರೆ ಮಾತು.

"ತೂಕ ಹಾಕಿದ್ಯೇನೋ?" ಅಂದೆ.

"ಒರೆಗೆ ಹಚ್ಚಿಸಿದೀನಿ ಮಾರಾಯ, ಚಿನ್ನಾನೇ."

ನನ್ನ ಸಿಟ್ಟು ಇಲ್ಲೇ. ಸಾವಿರಾರು ರೂಪಾಯಿ ಸುರಿದು ನಾಣ್ಯ ತರುತ್ತಾರೆ, ಅಂಗೈಯಗಲದ ತಕ್ಕಡಿ ಮಾತ್ರ ಬೇಡ. ಮೆಲ್ಲಗೆ ಒರೆಗೆ ಉಜ್ಜಿದರೆ ಗೆರೆ ಬೀಳೋದು ಮೇಲಿನ ಲೇಪದ್ದು. ಒಳಗೆ ಹಿತ್ತಾಳೆ ಇದ್ದರೂ ಒರೆಗಲ್ಲಿಗೆ ಗೊತ್ತಾಗಲ್ಲ.

ಮೊದಲು ಬೆಳ್ಳಿಯದ್ದು ತೂಗಿದೆ. ಕಾರ್ಷಾಪಣ ಅಂತ ಕರೆಯೋ ಈ ಪಂಚ್‌ಮಾರ್ಕ್ ಬೆಳ್ಳಿ ನಾಣ್ಯ ಸಾಮಾನ್ಯವಾಗಿ ಮೂರೂಕಾಲು ಗ್ರಾಂ ಆಸುಪಾಸು. ಸವೆದಿದ್ದರೆ ಸ್ವಲ್ಪ ಕಡಿಮೆ. ಇವನವು 2.7, 2.8. ಅಸಲಿ ನಾಣ್ಯದಿಂದ ಅಚ್ಚು ತೆಗೆದು ಜರ್ಮನ್ ಸಿಲ್ವರ್ ಸುರಿದರೆ ಹೀಗೇ ಆಗುತ್ತೆ. ಅಳತೆ ಹೆಚ್ಚು ಕಡಿಮೆ ಅಷ್ಟೇ, ಲೋಹ ಮಾತ್ರ ಬೆಳ್ಳಿಗಿಂತ ಹಗುರ.

ಆಮೇಲೆ ಅಂಚು. ಆ ಕಾಲದಲ್ಲಿ ಬೆಳ್ಳಿ ತಗಡನ್ನು ತುಂಡು ಮಾಡಿ, ತೂಕ ಜಾಸ್ತಿಯಾದರೆ ಮೂಲೆ ಕತ್ತರಿಸುತ್ತಿದ್ದರು. ಹಾಗಾಗಿ ಅಸಲಿ ಅಂಚಿನಲ್ಲಿ ಸ್ವಲ್ಪ ದೂರ ಉಳಿ ಇಳಿದ ನುಣುಪು, ಅದರ ಕೆಳಗೆ ತಗಡು ಹರಿದ ಒರಟು, ಎರಡೂ ಕಾಣುತ್ತವೆ. ಇವನ ನಾಣ್ಯದ ಅಂಚು ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮೆಂಟ್ ಹಾಗಿತ್ತು. ಒಂದು ಕಡೆ ಮಾತ್ರ ಒತ್ತೊತ್ತಾಗಿ ಅರದ ಗೆರೆ. ಲೋಹ ಸುರಿದ ಬಾಯಿ ಅದು, ಉಜ್ಜಿ ಮುಚ್ಚಿದ್ದಾರೆ.

ಲೆನ್ಸ್ ಹಿಡಿದು ಸೂರ್ಯನ ಗುರುತಿನ ಸಂದಿ ನೋಡಿದೆ. ಸೂಜಿಮೊನೆಯಷ್ಟು ದುಂಡನೆ ಕುಳಿಗಳು. ಕರಗಿದ ಲೋಹದಲ್ಲಿ ಸಿಕ್ಕಿಹಾಕಿಕೊಂಡ ಗಾಳಿ. ಕೆಲವು ಕಡೆ ಕುಳಿಯ ಬದಲು ಸಾಸಿವೆಗಿಂತ ಸಣ್ಣ ಉಬ್ಬು. ಅಲ್ಲಿ ಗುಳ್ಳೆ ಇದ್ದದ್ದು ಅಚ್ಚಿನಲ್ಲಿ, ಲೋಹ ಅದನ್ನು ತುಂಬಿಕೊಂಡಿದೆ. ಮಣ್ಣು ತಿಂದ ಕುಳಿ ಹೀಗೆ ದುಂಡಗಿರಲ್ಲ, ಅಂಕುಡೊಂಕಾಗಿರುತ್ತೆ.

"ಹಳೇ ಕಾಲದಲ್ಲೂ ಎರಕ ಹಾಕ್ತಿದ್ರಲ್ವಾ?" ಅಂದ. ಹೌದಪ್ಪ, ಬರಹವಿಲ್ಲದ ತಾಮ್ರದ ಎರಕದ ನಾಣ್ಯಗಳಿವೆ. ಆದರೆ ಇವು ಬೆಳ್ಳಿಯವು, ಗುರುತುಗಳನ್ನು ಒಂದೊಂದಾಗಿ ಹೊಡೆದು ಮೂಡಿಸಿದವು. ಎರಡು ನಾಣ್ಯ ಪಡಿಯಚ್ಚು ಆಗೋಕೆ ಸಾಧ್ಯವೇ ಇಲ್ಲ. ಇವನ ಆರರಲ್ಲಿ ಎರಡಕ್ಕೆ ಅದೇ ಮೂಲೆಯಲ್ಲಿ ಅದೇ ಕಚ್ಚು, ಅದೇ ಓರೆ. ಅವಳಿ ಮಕ್ಕಳು!

ವರಹ ಮಾತ್ರ ನನ್ನನ್ನೂ ಒಂದು ಕ್ಷಣ ತಡೆಯಿತು. 3.38 ಗ್ರಾಂ, ಸರಿಯಾದ ತೂಕ. ಹೇಳಬೇಕಂದ್ರೆ ಹತ್ತು ವರ್ಷದ ಹಿಂದೆ ನಾನು ಮುಗ್ಗರಿಸಿದ್ದು ಇಲ್ಲೇ. ತೂಕ ಸರಿ ಇದೆ ಅಂತ ಬೀಗಿ ಒಂದು ವರಹ ಕೊಂಡಿದ್ದೆ. ಹಿತ್ತಾಳೆಯನ್ನು ದಪ್ಪ ಮಾಡಿ ತೂಕ ತುಂಬಿದ್ದರು. ಮನೆಯಲ್ಲಿ ಇವತ್ತಿಗೂ ಆ ದುಡ್ಡಿನ ಮಾತು ಬರುತ್ತೆ.

ಸಣ್ಣ ಲೋಟದಲ್ಲಿ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿದೆ. ವರಹವನ್ನು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿದೆ, ತಳ ಮುಟ್ಟಬಾರದು, ಮೈಗೆ ಗಾಳಿಗುಳ್ಳೆ ಅಂಟಿರಬಾರದು. ತಕ್ಕಡಿ 0.40 ತೋರಿಸಿತು, ವರಹದಷ್ಟೇ ಜಾಗ ಹಿಡಿಯೋ ನೀರಿನ ತೂಕ ಅದು. 3.38ನ್ನು 0.40ರಿಂದ ಭಾಗಿಸಿ, ಎಂಟೂವರೆ ಹತ್ತಿರ. ಹಿತ್ತಾಳೆ! ಒಳ್ಳೆ ಚಿನ್ನವಾಗಿದ್ದರೆ 0.19 ಸುತ್ತ ನಿಲ್ಲಬೇಕಿತ್ತು, ಭಾಗಿಸಿದರೆ ಹದಿನೇಳು ದಾಟಬೇಕಿತ್ತು. ಇದರಿಂದ 20 ಕ್ಯಾರೆಟ್ಟೋ 22 ಕ್ಯಾರೆಟ್ಟೋ ಹೇಳೋಕಾಗಲ್ಲ. ಅರ್ಧ ಗ್ರಾಂ ಕೂಡ ತೂಗದ 'ಹಣ' ಅನ್ನೋ ಪುಟ್ಟ ಚಿನ್ನದ ನಾಣ್ಯಕ್ಕೂ ಈ ತಕ್ಕಡಿ ಸಾಲದು.

ಅವನು ಮಾರಿದವನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ದೋಸೆ ತಣ್ಣಗಾಗಿತ್ತು, ಆದರೂ ತಿಂದೆ.

ತಕ್ಕಡಿ ಅಲ್ಲೇ ಉಳಿದಿದೆ. ಈಗ ಅವನ ಹೆಂಡತಿ ಮನೆಯ ಒಡವೆಗಳನ್ನೆಲ್ಲ ದಾರ ಕಟ್ಟಿ ನೀರಿಗೆ ಅದ್ದುತ್ತಿದ್ದಾರಂತೆ. ಅಕ್ಕಾ, ಈ ಪೋಸ್ಟ್ ಓದಿದರೆ, ಹರಳು ಕೂರಿಸಿದ್ದು, ಒಳಗೆ ಅರಗು ತುಂಬಿದ್ದು ಅದ್ದಬೇಡಿ. ಲೆಕ್ಕ ತಪ್ಪುತ್ತೆ, ಆಮೇಲೆ ಸುಮ್ನೆ ತವರುಮನೆಯವರ ಮೇಲೆ ಅನುಮಾನ ಬರುತ್ತೆ.