ಕಾರಣ ಫೈಲಿನಲ್ಲಿದ್ದರೆ ಸಾಲದು, ಹಿಂಬರಹದಲ್ಲೂ ಇರಬೇಕು

"ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿಲ್ಲದ ಕಾರಣ ತಿರಸ್ಕರಿಸಿದೆ." ಸರ್ಕಾರಿ ಕಚೇರಿಗಳಿಗೆ ಅಲೆದವರಿಗೆ, ಅರ್ಜಿಗೆ ಲಿಖಿತ ಉತ್ತರವಾಗಿ ಬರುವ ಹಿಂಬರಹದ ಈ ವಾಕ್ಯ ಬಾಯಿಪಾಠ. ಯಾವ ನಿಯಮ ಅಂತ ಕೇಳಿದರೆ "ಎಲ್ಲಾ ಫೈಲಲ್ಲಿದೆ" ಅಂತಾರೆ. ಈ ಉತ್ತರವನ್ನು ನಾವು ಸುಮ್ನೆ ಒಪ್ಪಿಕೊಂಡು ಬರಬಾರದು.

ಫೈಲಲ್ಲಿ ಇರೋದು ಟಿಪ್ಪಣಿ. ಫೈಲು ನೋಡಿಕೊಳ್ಳುವ ವಿಷಯ ನಿರ್ವಾಹಕರು ಒಂದು ಕಂಡಿಕೆ, ಅಂದರೆ ಪ್ಯಾರಾ, ಬರೆದು ಮೇಲಕ್ಕೆ ಸಲ್ಲಿಸುತ್ತಾರೆ. ಮೇಲಿನವರು ಇನ್ನೊಂದು ಸೇರಿಸುತ್ತಾರೆ, ಕೆಲವೊಮ್ಮೆ "ಚರ್ಚಿಸಿ" ಅಂತ ಬರೆದು ವಾಪಸ್ ಕಳಿಸುತ್ತಾರೆ. ಕೊನೆಗೆ ಅಧಿಕಾರಿ ಸಹಿ ಹಾಕುತ್ತಾರೆ. ಈಗ ಇದೆಲ್ಲ ಇ-ಆಫೀಸಿನಲ್ಲಿ ನಡೆದರೂ ಕ್ರಮ ಅದೇ. ಇದು ಕಚೇರಿಯ ಒಳಗಿನ ಮಾತುಕತೆ. ಹೊರಗಿನವರ ಮಟ್ಟಿಗೆ ಇನ್ನೂ ಆದೇಶವಲ್ಲ.

ಇದನ್ನು ಸುಪ್ರೀಂ ಕೋರ್ಟ್ 1962ರಲ್ಲೇ ಬಚ್ಚಿತ್ತರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅವರು ಆಗಿನ ಪೆಪ್ಸು ರಾಜ್ಯದ ಕಂದಾಯ ನೌಕರ. ಕೆಲಸದಿಂದ ವಜಾ ಆಗಿ ಮೇಲ್ಮನವಿ ಹಾಕಿದ್ದರು. ವಜಾ ಬೇಡ, ಹಿಂದಿನ ಕಾನೂನ್‌ಗೋ ಹುದ್ದೆಗೆ ಇಳಿಸಿದರೆ ಸಾಕು ಅಂತ ಕಂದಾಯ ಮಂತ್ರಿ ಫೈಲಿನಲ್ಲಿ ಬರೆದರು. ಅದು ಆದೇಶವಾಗಿ ಹೊರಬೀಳುವ ಮೊದಲೇ, 1956ರ ನವೆಂಬರ್ 1ರಂದು ಪೆಪ್ಸು ಪಂಜಾಬಿಗೆ ಸೇರಿಹೋಯಿತು. ಪಂಜಾಬಿನ ಮುಖ್ಯಮಂತ್ರಿ ವಜಾವನ್ನೇ ಎತ್ತಿಹಿಡಿದರು. ಮಂತ್ರಿ ಬರೆದದ್ದೇ ಆದೇಶ ಅಂತ ಬಚ್ಚಿತ್ತರ್ ಸಿಂಗ್ ವಾದಿಸಿದರು, ಕೋರ್ಟ್ ಒಪ್ಪಲಿಲ್ಲ. ಸಂವಿಧಾನದ 166ನೇ ವಿಧಿ ಹೇಳುವ ರೂಪದಲ್ಲಿ ಆದೇಶ ಹೊರಡಬೇಕು, ಸಂಬಂಧಪಟ್ಟವರಿಗೆ ತಿಳಿಸಬೇಕು. ಅಲ್ಲಿಯವರೆಗೂ ಸರ್ಕಾರ ಎಷ್ಟು ಸಲ ಬೇಕಾದರೂ ಮನಸ್ಸು ಬದಲಿಸಬಹುದು.

ಸರಿ, ನನಗೆ ಅನುಕೂಲವಾಗಿರುವ ಟಿಪ್ಪಣಿಯಿಂದ ನನಗೆ ಹಕ್ಕು ಹುಟ್ಟೋದಿಲ್ಲ. ಹಾಗಿದ್ದರೆ ನನಗೆ ತಿಳಿಸದ ಅದೇ ಟಿಪ್ಪಣಿ ತೋರಿಸಿ, ಕಾರಣವಿಲ್ಲದ ಆದೇಶವನ್ನು ಸರ್ಕಾರ ಉಳಿಸಿಕೊಳ್ಳಬಹುದಾ?

ಇಲ್ಲಿ ಎಲ್ಲರೂ ನೆನೆಯೋದು ಮೊಹಿಂದರ್ ಸಿಂಗ್ ಗಿಲ್ ತೀರ್ಪನ್ನು. 1977ರ ಚುನಾವಣೆಯಲ್ಲಿ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಮತದಾನವನ್ನೇ ಚುನಾವಣಾ ಆಯೋಗ ರದ್ದು ಮಾಡಿದ ಪ್ರಕರಣ ಅದು. ಆದೇಶದಲ್ಲಿ ಬರೆದ ಕಾರಣಗಳ ಮೇಲೇ ಆದೇಶ ನಿಲ್ಲಬೇಕು, ಆಮೇಲೆ ಅಫಿಡವಿಟ್‌ನಲ್ಲಿ ಹೊಸ ಕಾರಣ ತುಂಬುವಂತಿಲ್ಲ ಅಂದರು ನ್ಯಾಯಮೂರ್ತಿ ಕೃಷ್ಣ ಅಯ್ಯರ್. ವಯಸ್ಸಾದಂತೆ ರುಚಿ ಹೆಚ್ಚೋಕೆ ಆದೇಶಗಳೇನು ಹಳೇ ವೈನ್ ಅಲ್ಲ ಅನ್ನೋ ಮಾತು ಬಂದದ್ದು ಅಲ್ಲೇ.

ಆದರೆ ಟಿಪ್ಪಣಿ ಆಮೇಲೆ ಹುಟ್ಟಿದ್ದಲ್ಲ, ತೀರ್ಮಾನದ ಹೊತ್ತಿನದ್ದೇ. ಸರ್ಕಾರಿ ವಕೀಲರು ಹಿಡಿಯೋದು ಇದೇ ಎಳೆಯನ್ನು. ಅವರಿಗೆ ಆಧಾರವೂ ಇದೆ. 1991ರ ನಂಬೂದಿರಿ ಪ್ರಕರಣದಲ್ಲಿ, ಕಾರಣ ಬರೆಯಲೇಬೇಕು ಅಂತ ನಿಯಮವಿಲ್ಲದ ಬರೀ ಆಡಳಿತಾತ್ಮಕ ತೀರ್ಮಾನಕ್ಕೆ, ಫೈಲಿನಲ್ಲಿರುವ ಕಾರಣವನ್ನು ಕೋರ್ಟಿಗೆ ತೋರಿಸಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿದ್ದದ್ದು ನೌಕರರೊಬ್ಬರ ಗೋಪ್ಯ ವರದಿಯ ಪ್ರತಿಕೂಲ ಷರಾ. ಆ ವಿನಾಯಿತಿಯನ್ನು ಹಕ್ಕು ನಿರ್ಧರಿಸುವ, ಮೇಲ್ಮನವಿಗೆ ಹೋಗುವ ಆದೇಶಗಳಿಗೂ ಎಳೆಯೋದು ತಪ್ಪು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಅಂಥ ಅರೆನ್ಯಾಯಿಕ ಆದೇಶಗಳಲ್ಲಿ ಕಾರಣ ಇರಲೇಬೇಕು ಅಂತ 2010ರ ಕ್ರಾಂತಿ ಅಸೋಸಿಯೇಟ್ಸ್ ತೀರ್ಪೂ ಹೇಳುತ್ತೆ.

ಒಂದು ಭೂ ಪರಿವರ್ತನೆ ಅರ್ಜಿ ತಗೊಳ್ಳಿ. ಜಮೀನಿನ ಪಕ್ಕ ರಾಜಕಾಲುವೆ ಇದೆ ಅಂತ ವಿಷಯ ನಿರ್ವಾಹಕರು ಬರೆದಿದ್ದಾರೆ. ಇದು ಮಂಜೂರಾದ ಜಮೀನು, ಷರತ್ತು ನೋಡಬೇಕು ಅಂತ ಶಿರಸ್ತೇದಾರರು. ಕಾಲುವೆಯಿಂದ ದೂರ ಸಾಕಷ್ಟಿದೆ, ಮಂಜೂರು ಮಾಡಬಹುದು ಅಂತ ಇನ್ನೊಬ್ಬರು. ಕೆಳಗೆ ಸಾಹೇಬರದ್ದು ಒಂದೇ ಪದ: "ತಿರಸ್ಕರಿಸಿದೆ." ಯಾರ ಮಾತು ಒಪ್ಪಿದರು? ಕಾಲುವೆ ಕಾರಣವಾದರೆ ಅರ್ಜಿದಾರ ಸರ್ವೆ ನಕ್ಷೆ ತರಬೇಕು. ಷರತ್ತು ಕಾರಣವಾದರೆ ಮಂಜೂರಾತಿ ಆದೇಶ ತರಬೇಕು. ಅದೇ ಗೊತ್ತಿಲ್ಲದೆ ಮೇಲ್ಮನವಿಯಲ್ಲಿ ಏನಂತ ಬರೆಯೋದು? ಕೋರ್ಟಿನಲ್ಲಿ ಮಾತ್ರ ಸರ್ಕಾರ ತನಗೆ ಬೇಕಾದ ಕಂಡಿಕೆ ಆರಿಸಿಕೊಂಡು ಇದೇ ಕಾರಣ ಅನ್ನಬಹುದು. "ಕಂಡಿಕೆ 14ರಂತೆ ಒಪ್ಪಿದೆ" ಅಂತ ಬರೆದಿದ್ದರೆ ವಿಷಯ ಸ್ವಲ್ಪ ಬೇರೆ. ಆಗ ಕಾರಣ ಯಾವುದು ಅಂತ ಕನಿಷ್ಠ ಗುರುತಿಸಬಹುದು.

ಆರ್‌ಟಿಐ ಇದೆಯಲ್ಲ ಅನ್ನುವವರಿದ್ದಾರೆ. ನಿಜ, ಟಿಪ್ಪಣಿಯೂ ಮಾಹಿತಿಯೇ ಅಂತ ಕೇಂದ್ರ ಮಾಹಿತಿ ಆಯೋಗ 2006ರಲ್ಲೇ ಹೇಳಿದೆ. ಅರ್ಜಿಯಲ್ಲಿ "ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ" ಅಂತ ಬಿಡಿಸಿ ಬರೆಯಿರಿ, ಬರೀ "ಕಡತದ ಮಾಹಿತಿ" ಅಂದರೆ ಪತ್ರಗಳನ್ನಷ್ಟೇ ಕೊಟ್ಟು ಕಳಿಸಬಹುದು. ಆದರೆ ಆ ಪ್ರತಿ ಕೊಡೋಕೆ ಅವರಿಗೆ 30 ದಿನ ಇದೆ, ಅಷ್ಟರಲ್ಲಿ ನಿಮ್ಮ ಮೇಲ್ಮನವಿಯ ಗಡುವು ಓಡುತ್ತಿರುತ್ತೆ. ಅದಕ್ಕಿಂತ ಮುಖ್ಯವಾಗಿ, ಅದೇ ಕಾಯ್ದೆಯ 4(1)(ಡಿ) ಪ್ರಕಾರ ಬಾಧಿತರಿಗೆ ತೀರ್ಮಾನದ ಕಾರಣ ತಿಳಿಸೋದು ಕಚೇರಿಯದೇ ಕೆಲಸ. ನಾವು ಕೇಳಿ ಪಡೆಯುವಂತಾಗಬಾರದು.

ನಮ್ಮ ರಾಜ್ಯದ ಸರ್ಕಾರಿ ಆದೇಶಗಳಲ್ಲಿ "ಓದಲಾಗಿದೆ" ಆದಮೇಲೆ "ಪ್ರಸ್ತಾವನೆ" ಅಂತ ಒಂದು ಭಾಗ ಬರುತ್ತೆ. ಹಿನ್ನೆಲೆ, ಕಾರಣ ಎಲ್ಲ ಅಲ್ಲೇ ಇರುತ್ತೆ, ಆಮೇಲೇ "ಆದೇಶ". ತಾಲೂಕು ಕಚೇರಿಯ ಹಿಂಬರಹಕ್ಕೂ ಅಂಥದ್ದೊಂದು ಪ್ಯಾರಾ ಕಡ್ಡಾಯ ಮಾಡಲಿ: ಯಾವ ನಿಯಮ, ಯಾವ ದಾಖಲೆ, ಅರ್ಜಿ ಎಲ್ಲಿ ಬಿದ್ದುಹೋಯಿತು. ಟಿಪ್ಪಣಿಯಲ್ಲಿ ಅಷ್ಟು ಬರೆದಿರೋರಿಗೆ ಅದನ್ನೇ ಹಿಂಬರಹಕ್ಕೆ ಇಳಿಸೋದು ಹತ್ತು ನಿಮಿಷದ ಕೆಲಸ.